ಟೆಂಡರ್ ಹಾಕೋ ಮುಂಚೆ ಇಲಾಖೆಗೆ ಒಂದು ಕಾಗದ

ಮೈಸೂರು ನಗರದಲ್ಲಿ ಮೃಗಾಲಯದ ಆನೆ, ಜಿಂಕೆಗಳಿಂದ ಹಿಡಿದು ಅಶ್ವಾರೋಹಿ ಪೊಲೀಸ್ ಪಡೆಯ ಕುದುರೆಗಳವರೆಗೆ ದಿನಾ ಮೇವು ಬೇಕಾಗುವ ಪ್ರಾಣಿಗಳು ಬೇಕಾದಷ್ಟಿವೆ. ಸುತ್ತಲ ತಾಲ್ಲೂಕುಗಳ ನಾವು ಹುಲ್ಲು ಬೆಳೆಯುವವರು. ಆದರೆ ಸರ್ಕಾರಿ ಸಂಸ್ಥೆಗಳಿಗೆ ಮೇವು ಹಾಕುವವರಲ್ಲಿ ರೈತರಿಗಿಂತ ಮಧ್ಯವರ್ತಿಗಳೇ ಜಾಸ್ತಿ. ಈಗೀಗ ನಾಲ್ಕಾರು ಕಡೆ ರೈತರ ಗುಂಪುಗಳು, ಉತ್ಪಾದಕ ಕಂಪನಿಗಳು ತಾವೇ ಟೆಂಡರ್ ಹಾಕಲು ಮುಂದೆ ಬರುತ್ತಿವೆ. ಅವರಿಗೆ ಎಡವಟ್ಟಾಗುವುದು ದರದಲ್ಲಿ ಅಲ್ಲ, ಷರತ್ತಿನಲ್ಲಿ. ಷರತ್ತು ಅರ್ಥವಾಗದಿದ್ದರೆ ಟೆಂಡರ್ ಹಾಕುವ ಮೊದಲೇ ಇಲಾಖೆಗೆ ಬರೆದು ಕೇಳಬಹುದು, ಅವರು ಉತ್ತರ ಕೊಡಬೇಕು ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಆ ಒಂದು ಕಾಗದದ ವಿಚಾರವನ್ನೇ ಇಲ್ಲಿ ಬರೆದಿದ್ದೇನೆ.

ಹಾಕಿದ ಮೇಲೆ ಕೇಳಿದರೆ ಯಾಕೆ ಆಗೋದಿಲ್ಲ?

ಊರಿನ ವ್ಯಾಪಾರದಲ್ಲಿ ಮಾತು ಅರ್ಥವಾಗದಿದ್ದರೆ ಆಮೇಲೂ ಕೂತು ಸರಿ ಮಾಡಿಕೊಳ್ಳುತ್ತೇವೆ. ಟೆಂಡರಿನಲ್ಲಿ ಹಾಗಲ್ಲ. ನೀವು ದರ ತುಂಬಿ ಕಳಿಸಿದ ಕೂಡಲೇ ಅದರ ಎಲ್ಲಾ ಷರತ್ತಿಗೂ ಒಪ್ಪಿದಂತೆ. ದರದ ಪಕ್ಕದಲ್ಲಿ "ಸಾಗಾಣಿಕೆ ನಿಮ್ಮದಾದರೆ ಮಾತ್ರ" ಅಂತ ಏನಾದರೂ ಸೇರಿಸಿದರೆ ಅದು ಷರತ್ತು ಹಾಕಿದ ಟೆಂಡರ್ ಅಂತ ತಳ್ಳಿಹಾಕುತ್ತಾರೆ. ತೆರೆದ ಮೇಲೆ ಅವಧಿಯೊಳಗೆ ಹಿಂದಕ್ಕೆ ಸರಿದರೆ ಕಟ್ಟಿದ ಇಡಗಂಟು, ಅಂದರೆ ಇಎಂಡಿ, ಮುಟ್ಟುಗೋಲು ಆಗುತ್ತದೆ.

ಕೋರ್ಟಿಗೆ ಹೋಗಬಹುದಲ್ಲ ಅನ್ನಬಹುದು. 2016ರಲ್ಲಿ ನಾಗಪುರ ಮೆಟ್ರೋ ಟೆಂಡರಿನ ಬಗ್ಗೆ ಅಫ್ಕಾನ್ಸ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು. ಟೆಂಡರ್ ಪತ್ರ ಬರೆದವರಿಗೇ ಅದರ ಅಗತ್ಯ, ಅರ್ಥ ಚೆನ್ನಾಗಿ ಗೊತ್ತಿರುತ್ತದೆ. ಅವರು ಮಾಡಿದ ಅರ್ಥದಲ್ಲಿ ಕೆಟ್ಟ ಉದ್ದೇಶ ಅಥವಾ ತೀರಾ ವಿಪರೀತ ಇಲ್ಲದಿದ್ದರೆ ಕೋರ್ಟು ಕೈಹಾಕಬಾರದು ಅನ್ನೋದು ಅದರ ಸಾರ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಎರಡು ಅರ್ಥ ಬರುವ ಕಡೆ ಇಲಾಖೆ ಮಾಡಿದ ಅರ್ಥವೇ ನಿಲ್ಲುವುದು ಹೆಚ್ಚು. ಹಾಗಾದ ಮೇಲೆ ಆ ಅರ್ಥ ಏನು ಅಂತ ದರ ಬರೆಯುವ ಮೊದಲೇ ಅವರ ಕೈಲೇ ಬರೆಸಿಕೊಳ್ಳುವುದು ಒಳ್ಳೇದಲ್ಲವೇ?

ಕಾನೂನು ಏನು ಹೇಳುತ್ತದೆ

ನಮ್ಮ ರಾಜ್ಯದ ಇಲಾಖೆ, ನಿಗಮ, ನಗರಪಾಲಿಕೆಗಳ ಖರೀದಿಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಅಂತ ಒಂದು ಕಾನೂನಿದೆ. ಕಚೇರಿಯವರು ಕೆಟಿಪಿಪಿ ಅನ್ನುತ್ತಾರೆ. 2000ದಲ್ಲಿ ಅದಕ್ಕೆ ನಿಯಮಗಳು ಬಂದವು. ಟೆಂಡರ್ ತೆರೆಯುವುದಕ್ಕೆ 48 ಗಂಟೆ ಮೊದಲು ಯಾರಾದರೂ ಟೆಂಡರುದಾರ ಸ್ಪಷ್ಟೀಕರಣ ಕೇಳಿದರೆ ಟೆಂಡರ್ ಕರೆದ ಅಧಿಕಾರಿ ಉತ್ತರ ಕಳಿಸಬೇಕು ಅಂತ ಆ ನಿಯಮದಲ್ಲಿದೆ. ಬರೀ ಕೇಳಿದವನಿಗಲ್ಲ, ಟೆಂಡರ್ ಪತ್ರ ಪಡೆದ ಎಲ್ಲರಿಗೂ ಆ ಉತ್ತರದ ಪ್ರತಿ ಹೋಗಬೇಕು. ಪ್ರಶ್ನೆ ಯಾರದ್ದು ಅಂತ ಮಾತ್ರ ಅದರಲ್ಲಿ ಹೇಳಬಾರದು.

ಹೆಸರು ಮುಚ್ಚುವ ಮಾತು ನಮ್ಮಂಥ ಸಣ್ಣವರಿಗೆ ಬಹಳ ಉಪಯೋಗ. ಕೇಳಿದರೆ ಹಳೇ ಗುತ್ತಿಗೆದಾರರ ಕಣ್ಣಿಗೆ ಬೀಳ್ತೀವಿ ಅನ್ನೋ ಅಂಜಿಕೆ ಬೇಡ. ಆದರೆ ಪ್ರಶ್ನೆಯ ಒಕ್ಕಣೆ ಎಲ್ಲರ ಕೈಗೂ ಹೋಗುತ್ತದೆ ಅನ್ನೋದು ನೆನಪಿರಲಿ. "ನಮ್ಮ ಊರಿನ 40 ಮನೆಯ ರಾಗಿ ಹುಲ್ಲು ಇದೆ, ಸಾಗಾಣಿಕೆಗೆ ಇಷ್ಟು ಬೀಳುತ್ತೆ" ಅಂತ ಒಳಗುಟ್ಟು ಬರೆದರೆ ಅದನ್ನು ಎದುರಾಳಿಯೂ ಓದುತ್ತಾನೆ.

48 ಗಂಟೆ ಅನ್ನೋದು ಕೊನೆಯ ಗಡಿ. ಎಷ್ಟೋ ಟೆಂಡರ್ ಪತ್ರಗಳಲ್ಲಿ ಪ್ರಶ್ನೆ ಕೇಳಲು ಇನ್ನೂ ಮುಂಚಿನ ದಿನ ಹಾಕಿರುತ್ತಾರೆ. ದೊಡ್ಡ ಕಾಮಗಾರಿಗಳ ಮಾದರಿ ಟೆಂಡರ್ ಪತ್ರದಲ್ಲಿ ಸಲ್ಲಿಸುವ ಕೊನೆಯ ದಿನಕ್ಕೆ 15 ದಿನ ಮೊದಲೇ ಬಂದ ಪ್ರಶ್ನೆಗೆ ಉತ್ತರ ಅಂತ ಇರುತ್ತದೆ. ಅಲ್ಲಿ ಲೆಕ್ಕ ಸಲ್ಲಿಸುವ ದಿನದಿಂದ, ನಿಯಮದಲ್ಲಿ ಲೆಕ್ಕ ತೆರೆಯುವ ಗಂಟೆಯಿಂದ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದನ್ನೇ ನಿಮ್ಮ ಗಡಿ ಅಂದುಕೊಳ್ಳಿ.

ಒಂದು ಲೆಕ್ಕ ನೋಡಿ. ಸೋಮವಾರ ಸಂಜೆ 4ಕ್ಕೆ ತೆರೆಯುತ್ತಾರೆ ಅಂದರೆ 48 ಗಂಟೆ ಹಿಂದಕ್ಕೆ ಶನಿವಾರ ಸಂಜೆ 4 ಆಯಿತು. ಅದು ಎರಡನೇ ಅಥವಾ ನಾಲ್ಕನೇ ಶನಿವಾರವಾದರೆ ಕಚೇರಿಗೆ ರಜ. ಶುಕ್ರವಾರ ಕೊಟ್ಟರೆ ಕಾಗದ ಟಪಾಲಿನಲ್ಲೇ ಕೂತಿರುತ್ತದೆ. ಅದಕ್ಕೇ ಟೆಂಡರ್ ಪತ್ರ ಕೈಗೆ ಬಂದ ಮೊದಲ ವಾರದಲ್ಲೇ ಓದಿ ಮುಗಿಸಿ ಕೇಳಿಬಿಡಬೇಕು. ಸಣ್ಣ ಮೊತ್ತಕ್ಕೆ ಟೆಂಡರ್ ಇಲ್ಲದೆ ಬರೀ ಕೊಟೇಷನ್ ಕೇಳುವ ಖರೀದಿಗೆ ಈ ನಿಯಮದ ಬಲ ಇರುವುದಿಲ್ಲ. ಅಲ್ಲೂ ಬರೆದು ಕೇಳಬಹುದು, ಆದರೆ ಹಕ್ಕಿನಿಂದ ಕೇಳಲು ಆಗದು.

ಮೂರು ಷರತ್ತು, ಒಂದು ಲೆಕ್ಕ

ಈಗ ಒಂದು ಮಾದರಿ ತೆಗೆದುಕೊಳ್ಳೋಣ. ಇದು ಯಾವುದೋ ಒಂದು ಕಚೇರಿಯ ಟೆಂಡರ್ ಅಲ್ಲ, ಅಂಕಿಗಳೂ ಲೆಕ್ಕ ತಿಳಿಯಲೆಂದು ನಾನೇ ಹಾಕಿದವು. ನಗರದ ಒಂದು ಸಂಸ್ಥೆ ಒಣ ರಾಗಿ ಹುಲ್ಲಿಗೆ ಒಂದು ವರ್ಷದ ಟೆಂಡರ್ ಕರೆದಿದೆ. ವರ್ಷದ ಅಂದಾಜು 60 ಟನ್. ದರ ಕಿಲೋಗೆ, ಸಂಸ್ಥೆಯ ಉಗ್ರಾಣಕ್ಕೆ ತಲುಪಿಸಿ. ಅದರಲ್ಲಿ ಮೂರು ಸಾಲು ಹೀಗಿವೆ:

"ಅಗತ್ಯಕ್ಕೆ ತಕ್ಕಂತೆ ಆದೇಶ ಕೊಟ್ಟಾಗ ಸರಬರಾಜು ಮಾಡತಕ್ಕದ್ದು."
"ಹುಲ್ಲು ಚೆನ್ನಾಗಿ ಒಣಗಿದ್ದು ಉತ್ತಮ ಗುಣಮಟ್ಟದ್ದಾಗಿರಬೇಕು, ತೇವಾಂಶವಿದ್ದಲ್ಲಿ ಸೂಕ್ತ ಕಡಿತ ಮಾಡಲಾಗುವುದು."
"ಜಿಎಸ್‌ಟಿ ನೋಂದಣಿ ಪತ್ರ ಲಗತ್ತಿಸುವುದು ಕಡ್ಡಾಯ."

ಮೇಲ್ನೋಟಕ್ಕೆ ಮೂರೂ ಸರಿಯಾಗೇ ಕಾಣುತ್ತವೆ. ಗೊಂದಲ ಕಂಡುಹಿಡಿಯಲು ಒಂದೇ ಉಪಾಯ: ಒಂದು ಲೋಡು ಹುಲ್ಲನ್ನು ಮನಸ್ಸಿನಲ್ಲೇ ಮೆದೆಯಿಂದ ಇಳಿಸಿ, ಗಾಡಿಗೆ ತುಂಬಿ, ಉಗ್ರಾಣದಲ್ಲಿ ಇಳಿಸಿ, ಬಿಲ್ಲು ಪಾಸಾಗಿ ದುಡ್ಡು ಬರುವ ತನಕ ನಡೆಸಿಕೊಂಡು ಹೋಗಿ. ಎಲ್ಲಿ ಯಾರು, ಎಷ್ಟು, ಯಾವಾಗ ಅನ್ನೋದಕ್ಕೆ ಪತ್ರದಲ್ಲಿ ಉತ್ತರ ಸಿಗೋದಿಲ್ಲವೋ ಅಲ್ಲಿ ಪ್ರಶ್ನೆ ಹುಟ್ಟುತ್ತದೆ.

ಮೊದಲನೇ ಸಾಲಿನಲ್ಲಿ ಒಂದು ಸಲಕ್ಕೆ ಎಷ್ಟು ಕಿಲೋ ಅಂತ ಇಲ್ಲ. ಹುಲ್ಲು ಹಗುರ, ಜಾಗ ತಿನ್ನುವ ಮಾಲು. ಗಾಡಿ ಬಾಡಿಗೆ ತೂಕಕ್ಕಲ್ಲ, ಸಲಕ್ಕೆ. ಒಂದು ಸಲಕ್ಕೆ ರೂ. 3,000, ಗಾಡಿಗೆ 1,500 ಕಿಲೋ ಹಿಡಿಯುತ್ತದೆ ಅಂದುಕೊಳ್ಳಿ. ತುಂಬಿದ ಗಾಡಿ ಹೋದರೆ ಕಿಲೋಗೆ ರೂ. 2 ಬಾಡಿಗೆ. ಅವರು 500 ಕಿಲೋ ಮಾತ್ರ ತನ್ನಿ ಅಂದರೆ ಅದೇ ಬಾಡಿಗೆ ಕಿಲೋಗೆ ರೂ. 6 ಆಗುತ್ತದೆ.

ಹುಲ್ಲಿನ ಬೆಲೆ ಹೊಲದಲ್ಲಿ ಕಿಲೋಗೆ ರೂ. 8, ತುಂಬುವ ಇಳಿಸುವ ಕೂಲಿ ರೂ. 1, ಬಾಡಿಗೆ ರೂ. 2 ಅಂತ ಸೇರಿಸಿ ರೂ. 11 ಖರ್ಚು ಲೆಕ್ಕ ಹಾಕಿ ನೀವು ರೂ. 12 ದರ ಬರೆದಿರಿ. 60 ಟನ್ನಿಗೆ ರೂ. 60,000 ಉಳಿಯುತ್ತದೆ ಅಂತ ನಿಮ್ಮ ಲೆಕ್ಕ. ಆದೇಶ 500 ಕಿಲೋದಂತೆ ಬಂದರೆ ಖರ್ಚು ರೂ. 15. ಕಿಲೋಗೆ ರೂ. 3 ಕೈಬಿಟ್ಟು, 60 ಟನ್ನಿಗೆ ರೂ. 1,80,000 ನಷ್ಟ. 40 ಸಲ ಹೋಗುವ ಗಾಡಿ 120 ಸಲ ಹೋಗಬೇಕು, ಅಷ್ಟೇ ವ್ಯತ್ಯಾಸ. ನಡುವೆ ನಿಲ್ಲಿಸಿದರೆ ಭದ್ರತಾ ಠೇವಣಿ ಹೋಗುತ್ತದೆ, ಕಪ್ಪುಪಟ್ಟಿಗೆ ಹೆಸರು ಸೇರಿದರೂ ಸೇರಬಹುದು.

ಇನ್ನೊಂದು ಮಾತು. 60 ಟನ್ ಅಂದಾಜು ಅಂದರೆ ಅಷ್ಟನ್ನೂ ಕೊಳ್ಳಲೇಬೇಕು ಅಂತ ಅಲ್ಲ. ನಮ್ಮ ಕಡೆ ರಾಗಿ ಕೊಯ್ಲು ನವೆಂಬರ್, ಡಿಸೆಂಬರಿನಲ್ಲಿ. ವರ್ಷಕ್ಕೆ ಬೇಕಾದ ಹುಲ್ಲು ಆಗಲೇ ಕೊಂಡು ಮೆದೆ ಹಾಕಿಡಬೇಕು. ಅವರು 30 ಟನ್ನಿಗೇ ಸಾಕು ಅಂದರೆ ಮಿಕ್ಕಿದ್ದು ಮಳೆಗಾಲದಲ್ಲಿ ನಮ್ಮ ತಲೆ ಮೇಲೆ. ಕಡಿಮೆ ಅಂದರೆ ಎಷ್ಟು ಖಚಿತ ಅಂತಲೂ ಕೇಳಬೇಕು.

ಎರಡನೇ ಸಾಲಿನಲ್ಲಿ "ಸೂಕ್ತ" ಅನ್ನೋ ಪದ ನೋಡಿ. ಸೂಕ್ತ, ಉತ್ತಮ, ತೃಪ್ತಿಕರ, ಇತ್ಯಾದಿ, ಕಾಲಕಾಲಕ್ಕೆ: ಇಂಥ ಪದ ಕಂಡ ಕಡೆಯೆಲ್ಲಾ ಪೆನ್ಸಿಲಿನಲ್ಲಿ ಗೀಟು ಹಾಕಿ. ಅಲ್ಲಿ ಅಳತೆ ಇಲ್ಲ ಅಂತ ಅರ್ಥ. ನೂರಕ್ಕೆ 10ರಂತೆ ತೇವ ಕಳೆದರೆ 1,500 ಕಿಲೋ ಲೋಡಿಗೆ 150 ಕಿಲೋ, ಅಂದರೆ ರೂ. 1,800 ಹೋಯಿತು. ಆ ಲೋಡಿನಲ್ಲಿ ನಿಮ್ಮ ಲಾಭ ರೂ. 1,500 ಮಾತ್ರ. ತೇವ ನೋಡುವುದು ಕೈಯಲ್ಲಿ ಮುರಿದೋ, ಯಂತ್ರದಲ್ಲೋ? ತೂಕ ಎಲ್ಲಿ, ನಮ್ಮ ಊರ ಹತ್ತಿರದ ವೇಬ್ರಿಡ್ಜಿನಲ್ಲೋ, ಅವರ ಉಗ್ರಾಣದ ತಕ್ಕಡಿಯಲ್ಲೋ? ನಾವು ಎದುರಿಗೆ ಇರಬಹುದೇ? ಇವೆಲ್ಲಾ ಕೇಳುವ ವಿಷಯಗಳೇ.

ಮೂರನೇ ಸಾಲು ರೈತರನ್ನು ಬಾಗಿಲಲ್ಲೇ ತಡೆಯುವಂಥದ್ದು. ಹುಲ್ಲು, ಹಸಿರು ಮೇವಿಗೆ ಜಿಎಸ್‌ಟಿ ಇಲ್ಲ. ತನ್ನ ಜಮೀನಿನಲ್ಲಿ ಬೆಳೆದದ್ದನ್ನು ಮಾರುವ ಕೃಷಿಕ ಜಿಎಸ್‌ಟಿ ಕಾಯ್ದೆಯಲ್ಲಿ ನೋಂದಣಿ ಮಾಡಿಸಬೇಕಾಗಿಲ್ಲ. ತೆರಿಗೆಯೇ ಇಲ್ಲದ ಮಾಲನ್ನು ಮಾತ್ರ ಮಾರುವವರಿಗೂ ಬೇಕಿಲ್ಲ. ಹಾಗಿದ್ದರೂ ಎಲ್ಲಾ ಖರೀದಿಗೂ ಒಂದೇ ನಮೂನೆ ಬಳಸುವಾಗ ಈ ಸಾಲು ಇಲ್ಲೂ ಬಂದು ಕೂರಬಹುದು. ಕೇಳದೆ ಪತ್ರ ಬಿಟ್ಟು ಟೆಂಡರ್ ಹಾಕಿದರೆ ದಾಖಲೆ ಕೊರತೆ ಅಂತ ದರದ ಲಕೋಟೆ ತೆರೆಯದೇ ಪಕ್ಕಕ್ಕಿಡುತ್ತಾರೆ. ಆಗ "ಕಾನೂನಿನಲ್ಲಿ ಬೇಕಿಲ್ಲ ಸ್ವಾಮಿ" ಅಂದರೆ ಕೇಳುವವರಿಲ್ಲ. ಮೊದಲೇ ಕೇಳಿದರೆ ಮಾತು ಬೇರೆ.

ಕಾಗದ ಬರೆಯೋದು ಹೇಗೆ

ಕನ್ನಡದಲ್ಲೇ ಬರೆಯಿರಿ, ಅದು ರಾಜ್ಯದ ಆಡಳಿತ ಭಾಷೆ. ಟೆಂಡರ್ ಪತ್ರ ಇಂಗ್ಲಿಷಿನಲ್ಲಿದ್ದರೆ ಗೊಂದಲದ ಸಾಲನ್ನು ಮಾತ್ರ ಇದ್ದ ಹಾಗೇ ಎತ್ತಿ ಬರೆದು, ಪುಟ ಮತ್ತು ಷರತ್ತಿನ ಸಂಖ್ಯೆ ಹಾಕಿ. ಒಂದು ಪ್ರಶ್ನೆಗೆ ಒಂದು ಸಂಖ್ಯೆ. ಹೌದು, ಇಲ್ಲ ಅಥವಾ ಒಂದು ಅಂಕಿಯಲ್ಲಿ ಉತ್ತರ ಬರುವಂತೆ ಕೇಳಬೇಕು. "ಷರತ್ತು 9 ಸರಿಯಾಗಿ ವಿವರಿಸಿ" ಅಂದರೆ ಅದೇ ಸಾಲನ್ನು ಇನ್ನೊಂದು ಸಲ ಬರೆದು ಕಳಿಸುತ್ತಾರೆ. ನಮ್ಮ ಮಾದರಿಗೆ ಕಾಗದ ಹೀಗಿರಬಹುದು:

"ಇವರಿಗೆ, ಟೆಂಡರ್ ಆಹ್ವಾನಿಸಿದ ಅಧಿಕಾರಿಗಳು. ಮಾನ್ಯರೇ, ವಿಷಯ: ಒಣ ರಾಗಿ ಹುಲ್ಲು ಸರಬರಾಜು ಟೆಂಡರಿನ ಷರತ್ತುಗಳಿಗೆ ಸ್ಪಷ್ಟೀಕರಣ ಕೋರಿ. ಉಲ್ಲೇಖ: ಟೆಂಡರ್ ಪ್ರಕಟಣೆ ಸಂಖ್ಯೆ ಮತ್ತು ದಿನಾಂಕ.

1. ಪುಟ 4, ಷರತ್ತು 6: ಒಂದು ಆದೇಶಕ್ಕೆ ಕನಿಷ್ಠ ಎಷ್ಟು ಕಿಲೋ? ಆದೇಶ ಕೊಟ್ಟ ಎಷ್ಟು ದಿನದಲ್ಲಿ ತಲುಪಿಸಬೇಕು?
2. ಅದೇ ಷರತ್ತು: ಅಂದಾಜು 60 ಟನ್ನಿನಲ್ಲಿ ಕನಿಷ್ಠ ಖರೀದಿ ಎಷ್ಟು ಎಂದು ನಿಗದಿ ಇದೆಯೇ?
3. ಪುಟ 5, ಷರತ್ತು 9: ತೇವಾಂಶ ಪರೀಕ್ಷಿಸುವ ವಿಧಾನ ಯಾವುದು? ಎಷ್ಟಕ್ಕೆ ಎಷ್ಟು ಕಡಿತ? ಬಿಲ್ಲಿಗೆ ಹಿಡಿಯುವ ತೂಕ ಯಾವ ಸ್ಥಳದ್ದು?
4. ಪುಟ 7, ಲಗತ್ತುಗಳು: ಹುಲ್ಲಿಗೆ ಜಿಎಸ್‌ಟಿ ಇಲ್ಲದಿರುವುದರಿಂದ ನೋಂದಣಿ ಇಲ್ಲದ ಕೃಷಿಕರು ಅಥವಾ ಗುಂಪುಗಳು ಅದರ ಬದಲು ಸ್ವಯಂ ಘೋಷಣೆ ಕೊಡಬಹುದೇ?

ತಮ್ಮ ಉತ್ತರವನ್ನು ಟೆಂಡರ್ ಸಲ್ಲಿಸುವ ಕೊನೆಯ ದಿನಕ್ಕೆ ಮೊದಲು ಎಲ್ಲಾ ಟೆಂಡರುದಾರರಿಗೂ ತಿಳಿಯುವಂತೆ ಪ್ರಕಟಿಸಬೇಕೆಂದು ಕೋರುತ್ತೇವೆ."

ಇಲ್ಲಿ ಒಂದು ಎಚ್ಚರ ಬೇಕು. ಸ್ಪಷ್ಟೀಕರಣ ಬೇರೆ, ಬೇಡಿಕೆ ಬೇರೆ. "ವರ್ಷಪೂರ್ತಿ ದರ ಬದಲಾಗುವುದಿಲ್ಲ" ಅಂತ ಸ್ಪಷ್ಟವಾಗಿ ಬರೆದಿದ್ದರೆ ಅದರಲ್ಲಿ ಅರ್ಥವಾಗದ್ದು ಏನಿಲ್ಲ. ಅದು ಕಷ್ಟ ಅನ್ನಿಸಿದರೆ ಬದಲಾಯಿಸಿ ಅಂತ ಬೇರೆ ಮನವಿ ಕೊಡಿ. ಎರಡನ್ನೂ ಒಂದೇ ಕಾಗದದಲ್ಲಿ ಕಲಸಿದರೆ "ಷರತ್ತು ಬದಲಿಸಲು ಸಾಧ್ಯವಿಲ್ಲ" ಅನ್ನೋ ಒಂದೇ ಉತ್ತರದಲ್ಲಿ ನಿಮ್ಮ ಪ್ರಶ್ನೆಯೂ ಮುಳುಗುತ್ತದೆ.

ಎಲ್ಲಿ ಕೊಡಬೇಕು

ಈಗ ರಾಜ್ಯದ ಟೆಂಡರುಗಳು ಗಣಕದಲ್ಲಿ kppp.karnataka.gov.in ಅನ್ನೋ ತಾಣದಲ್ಲಿ ಬರುತ್ತವೆ. ಅಲ್ಲಿ ಟೆಂಡರಿನ ದಿನಾಂಕಗಳನ್ನೆಲ್ಲಾ ಮೊದಲು ನೋಡಿ. ಪ್ರಶ್ನೆ ಕೇಳಲು ಕೊನೆಯ ದಿನ, ಟೆಂಡರ್ ಪೂರ್ವ ಸಭೆಯ ದಿನ ಹಾಕಿದ್ದರೆ ಬರೆದಿಟ್ಟುಕೊಳ್ಳಿ. ಟೆಂಡರ್ ಪತ್ರದಲ್ಲಿ ಪ್ರಶ್ನೆಯನ್ನು ಯಾವ ದಾರಿಯಲ್ಲಿ ಕಳಿಸಿ ಅಂತ ಹೇಳಿದೆಯೋ ಆ ದಾರಿಯಲ್ಲೇ ಕಳಿಸಬೇಕು. ಜೊತೆಗೆ ಕಾಗದದ ಪ್ರತಿಯನ್ನು ಕಚೇರಿಯ ಟಪಾಲು ಶಾಖೆಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಸಾಧ್ಯವಾದರೆ ಗಂಟೆಯನ್ನೂ ಹಾಕಿಸಿಕೊಳ್ಳಿ. 48 ಗಂಟೆ ಮೊದಲೇ ಕೇಳಿದ್ದೆವು ಅನ್ನೋದಕ್ಕೆ ಇದೇ ಸಾಕ್ಷಿ.

ಕಚೇರಿಯಲ್ಲಿ ಒಳ್ಳೇ ಗುಮಾಸ್ತರೇ ಇರುತ್ತಾರೆ. "ಅಯ್ಯೋ ಗೌಡ್ರೇ, ಅಷ್ಟು ಕಡಿಮೆ ನಾವು ತರಿಸೋದಿಲ್ಲ, ನೀವು ಹಾಕಿ" ಅಂತಾರೆ. ಅವರು ಸುಳ್ಳು ಹೇಳ್ತಾರೆ ಅಂತ ಅಲ್ಲ. ಆರು ತಿಂಗಳಿಗೆ ಅವರಿಗೆ ವರ್ಗ ಆಗಬಹುದು, ಉಗ್ರಾಣಕ್ಕೆ ಬೇರೆಯವರು ಬರಬಹುದು. ಬಿಲ್ಲು ಪಾಸು ಮಾಡುವವರ ಮುಂದೆ ಇರುವುದು ಕಾಗದ ಮಾತ್ರ. ಪೂರ್ವ ಸಭೆಯಲ್ಲಿ ಅಧಿಕಾರಿ ಎದ್ದು ನಿಂತು ಹೇಳಿದ ಮಾತೂ ಅಷ್ಟೇ: ಸಭೆಯ ನಡಾವಳಿಯಲ್ಲೋ ತಿದ್ದುಪಡಿಯಲ್ಲೋ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಉತ್ತರ ಬಂದ ಮೇಲೆ

ಉತ್ತರ ಮೂರು ಥರ ಬರಬಹುದು. ನಮ್ಮ ಮಾದರಿಯಲ್ಲೇ ನೋಡೋಣ.

"ಒಂದು ಆದೇಶ 1,500 ಕಿಲೋಗೆ ಕಡಿಮೆ ಇರುವುದಿಲ್ಲ" ಅಂತ ಸ್ಪಷ್ಟವಾಗಿ ಬಂದರೆ ನಿಮ್ಮ ರೂ. 11ರ ಖರ್ಚು ನಿಂತಿತು. "ತೇವವಿದ್ದ ಲೋಡನ್ನು ಕಡಿತ ಮಾಡದೆ ಪೂರ್ತಿ ವಾಪಸು ಕಳಿಸುವುದು" ಅಂತ ಬಂದರೆ ಅದು ಕಡಿತಕ್ಕಿಂತ ಭಾರ. ಹೋಗುವ ರೂ. 3,000 ಬಾಡಿಗೆ ದಂಡವಾಗಿ, ಬರುವ ಬಾಡಿಗೆಯೂ ಸೇರುತ್ತದೆ. ಆಗ ಮಳೆಗಾಲದ ಲೋಡಿಗೆ ಟಾರ್ಪಾಲು, ಮೆದೆಗೆ ಮುಚ್ಚಿಗೆ ಖರ್ಚು ಸೇರಿಸಿಯೇ ದರ ಬರೆಯಬೇಕು. ಉತ್ತರ ನಮಗೆ ಸಿಹಿಯಾಗೇ ಇರಬೇಕು ಅಂತೇನಿಲ್ಲ. ಗೊತ್ತಾದರೆ ಸಾಕು, ಲೆಕ್ಕ ಹಾಕಬಹುದು.

ಎರಡನೇ ಥರ, ಇಲಾಖೆಯೇ ಷರತ್ತನ್ನು ತಿದ್ದಿ ತಿದ್ದುಪಡಿ ಹೊರಡಿಸುತ್ತದೆ. ತೆರೆಯುವ ತನಕ ತಿದ್ದುವ ಅಧಿಕಾರ ಅವರಿಗಿದೆ. ಆಗ ಕೊನೆಯ ದಿನವೂ ಮುಂದಕ್ಕೆ ಹೋಗಿರಬಹುದು, ದರ ತುಂಬುವ ಪಟ್ಟಿಯೂ ಬದಲಾಗಿರಬಹುದು. ಹಳೇ ಪಟ್ಟಿಯಲ್ಲಿ ದರ ತುಂಬಿ ಕಳಿಸಿದರೆ ಟೆಂಡರ್ ತಳ್ಳಿಹೋಗುತ್ತದೆ. ಆದ್ದರಿಂದ ಕಳಿಸುವ ಹಿಂದಿನ ದಿನ ಮತ್ತೆ ತಾಣ ತೆರೆದು ಹೊಸ ತಿದ್ದುಪಡಿ ಇದೆಯೇ ಅಂತ ನೋಡಲೇಬೇಕು. ಬೇರೆಯವರು ಕೇಳಿದ ಪ್ರಶ್ನೆಗೆ ಬಂದ ಉತ್ತರವನ್ನೂ ಬಿಡದೆ ಓದಿ, ಅದು ನಿಮಗೂ ಕಟ್ಟುಪಾಡೇ.

ಮೂರನೇ ಥರ, "ಟೆಂಡರ್ ಷರತ್ತಿನಂತೆ" ಅಂತ ಒಂದೇ ಸಾಲು ಬರುತ್ತದೆ, ಅಥವಾ ಏನೂ ಬರುವುದಿಲ್ಲ. ದಿನ ಇದ್ದರೆ ಮೊದಲ ಕಾಗದದ ಉಲ್ಲೇಖ ಕೊಟ್ಟು ಇನ್ನೊಂದು ಸಲ ಕೇಳಿ, ಮೇಲಧಿಕಾರಿಗೆ ಒಂದು ಪ್ರತಿ ಹಾಕಿ. ಮಾಹಿತಿ ಹಕ್ಕಿನಲ್ಲಿ ಕೇಳೋಣ ಅಂದರೆ ಅದಕ್ಕೆ 30 ದಿನದ ಅವಕಾಶ ಇದೆ, ಅಷ್ಟರಲ್ಲಿ ಟೆಂಡರ್ ತೆರೆದು ಆದೇಶವೂ ಆಗಿರುತ್ತದೆ. ಉತ್ತರ ಬರದೇ ಹೋದರೆ ನಮಗೆ ಹೊರೆಯಾಗುವ ಅರ್ಥವನ್ನೇ ನಿಜ ಅಂದುಕೊಂಡು ಲೆಕ್ಕ ಹಾಕಬೇಕು. ಅಂದರೆ ಖರ್ಚು ರೂ. 15, ದರ ರೂ. 16. ಆ ದರಕ್ಕೆ ಟೆಂಡರ್ ಸಿಗದಿದ್ದರೆ ಹೋಗಲಿ. ರೂ. 12 ಬರೆದು ಗೆದ್ದು 120 ಸಲ ಗಾಡಿ ಓಡಿಸುವುದಕ್ಕಿಂತ ಹುಲ್ಲನ್ನು ಊರಲ್ಲೇ ರೂ. 8ಕ್ಕೆ ಮಾರಿಕೊಳ್ಳುವುದು ವಾಸಿ.

ಟೆಂಡರ್ ಒಪ್ಪಿದ ಆದೇಶದಿಂದ ಅನ್ಯಾಯ ಆಯ್ತು ಅನ್ನಿಸಿದರೆ ಅದೇ 1999ರ ಕಾಯ್ದೆಯಲ್ಲಿ, ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಲು ಅವಕಾಶ ಇದೆ. ಜಿಎಸ್‌ಟಿ ಪತ್ರ ಇಲ್ಲ ಅಂತ ನಿಮ್ಮನ್ನು ಹೊರಗಿಟ್ಟರು ಅಂದುಕೊಳ್ಳಿ. ಮುದ್ರೆ ಬಿದ್ದ ಆ ಕಾಗದ ಕೈಯಲ್ಲಿದ್ದರೆ "ನಾವು ಮೊದಲೇ ಕೇಳಿದ್ದೆವು, ಉತ್ತರ ಕೊಡಲಿಲ್ಲ" ಅಂತ ಹೇಳಲು ಆಧಾರ ಇರುತ್ತದೆ. ಕೇಳದೆ ಸುಮ್ಮನೆ ಟೆಂಡರ್ ಹಾಕಿ, ಸೋತ ಮೇಲೆ ಷರತ್ತೇ ಸರಿಯಿಲ್ಲ ಅಂದವರ ಮಾತನ್ನು ಒಪ್ಪುವುದು ಕಷ್ಟ.

ಟೆಂಡರಿನ ಕಡತ ಒಂದು ಮಾಡಿ, ಪ್ರಕಟಣೆ, ನೀವು ಕೊಟ್ಟ ಕಾಗದ, ಬಂದ ಉತ್ತರ, ತಿದ್ದುಪಡಿ ಎಲ್ಲವನ್ನೂ ದಿನಾಂಕದ ಸಾಲಿನಲ್ಲಿ ಸೇರಿಸಿಡಿ. ಟೆಂಡರ್ ನಿಮಗೇ ಆದರೆ ಒಪ್ಪಂದಕ್ಕೆ ಸಹಿ ಹಾಕುವ ದಿನ ಆ ಉತ್ತರ, ತಿದ್ದುಪಡಿಗಳು ಒಪ್ಪಂದದ ಭಾಗವಾಗಿ ಲಗತ್ತಾಗಿವೆಯೇ ಅಂತ ನೋಡಿಯೇ ಸಹಿ ಹಾಕಿ. ಮುಂದೆ 500 ಕಿಲೋಗೆ ಆದೇಶ ಬಂದರೆ ಆ ಹಾಳೆಯನ್ನೇ ತೆಗೆದು ತೋರಿಸಬೇಕಾಗುತ್ತದೆ.